ಏಳು ಪದ ಸರಿ, ಅಕ್ಷರ ಎಷ್ಟು?

ಪ್ರಶ್ನೆ: ಮೈಸೂರು–ನಂಜನಗೂಡು ರಸ್ತೆಯಲ್ಲಿ, ಕಡಕೊಳದ ಹತ್ತಿರ ನಮ್ಮದೊಂದು ಲೇಔಟ್ ಇದೆ. ಹೆಚ್ಚಿನವು 30×40 ಸೈಟುಗಳು, ಚದರಡಿಗೆ 2,000 ರೂಪಾಯಿ. 40×20 ಅಡಿಯ ಎರಡು ಹೋರ್ಡಿಂಗ್ ಹಿಡಿದಿದ್ದೇವೆ. ಒಂದು ಮೈಸೂರು ಬಿಡುವ ಕಡೆ, ಇನ್ನೊಂದು ಲೇಔಟಿಗೆ ತಿರುಗುವ ಜಾಗಕ್ಕೆ ಅರ್ಧ ಕಿಲೋಮೀಟರ್ ಮೊದಲು. ಏಳು ಪದ ದಾಟಬಾರದು ಅಂತ ಎಲ್ಲರೂ ಹೇಳುತ್ತಾರೆ. ನಾವು ಬರೆಸಿರುವುದು: ‘ಪ್ರಕೃತಿಯ ಮಡಿಲಲ್ಲಿ ನಿಮ್ಮ ಕನಸಿನ ಐಷಾರಾಮಿ ಜೀವನಶೈಲಿಗೆ ಸುಸ್ವಾಗತ’. ಸರಿಯಾಗಿ ಏಳೇ ಪದ. ಆದರೂ ಯಾಕೋ ಕೂತಿಲ್ಲ ಅನ್ನಿಸುತ್ತಿದೆ. ಎಲ್ಲಿ ತಪ್ಪಿದೆ?

ಉತ್ತರ: ತಪ್ಪು ಎರಡು ಕಡೆ ಇದೆ. ಒಂದು ಅಳತೆಯಲ್ಲಿ, ಇನ್ನೊಂದು ಮಾತಿನಲ್ಲಿ. ಅಳತೆಯ ತಪ್ಪು ನಿಮ್ಮದಲ್ಲ, ಆ ನಿಯಮದ್ದು.

ಏಳು ಪದದ ನಿಯಮ ಇಂಗ್ಲಿಷ್ ಬೋರ್ಡುಗಳಿಗೆ ಹುಟ್ಟಿದ್ದು. ಅಲ್ಲಿ ‘ಇಂದ’, ‘ಅಲ್ಲಿ’, ‘ಗೆ’ ಎಲ್ಲವೂ ಬೇರೆ ಬೇರೆ ಪದಗಳಾಗಿ ಲೆಕ್ಕಕ್ಕೆ ಬರುತ್ತವೆ. ಕನ್ನಡದಲ್ಲಿ ಅವೆಲ್ಲ ಹಿಂದಿನ ಪದಕ್ಕೇ ಅಂಟಿಕೊಳ್ಳುತ್ತವೆ. ‘ಕೊಳ್ಳಬೇಕಾಗಿರುವವರಿಗೆ’ ಅನ್ನುವುದು ನಮಗೆ ಒಂದೇ ಪದ, ಆದರೆ ಅದರಲ್ಲಿ ಹತ್ತು ಅಕ್ಷರ ಇವೆ. ಅದೊಂದೇ ನಿಮ್ಮ ಬೋರ್ಡಿನ ಒಂದಿಡೀ ಸಾಲು ನುಂಗುತ್ತದೆ. ಆದ್ದರಿಂದ ಕನ್ನಡ ಬೋರ್ಡಿಗೆ ಪದದ ಮಿತಿಯ ಜೊತೆಗೆ ಅಕ್ಷರದ ಮಿತಿಯೂ ಬೇಕು. ನಿಮ್ಮ 40×20 ಬೋರ್ಡಿಗೆ ಆ ಮಿತಿ ಸುಮಾರು 20 ಅಕ್ಷರ. ಈ ಸಂಖ್ಯೆ ಎಲ್ಲಿಂದ ಬಂತು ಅಂತ ಒಮ್ಮೆ ಲೆಕ್ಕ ಹಾಕಿಕೊಂಡರೆ, ಮುಂದೆ ಯಾವ ಅಳತೆಯ ಬೋರ್ಡು ಬಂದರೂ ನೀವೇ ಹಾಕಿಕೊಳ್ಳಬಹುದು.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಬೋರ್ಡು 120 ಮೀಟರ್ ದೂರದಿಂದ ಓದಲು ಸಿಗಬೇಕು ಅಂದುಕೊಳ್ಳಿ. ಕೊನೆಯ 30 ಮೀಟರಿನಲ್ಲಿ ಅದು ಓರೆಯಾಗಿ, ತಲೆಯೆತ್ತಿ ನೋಡಬೇಕಾದ ಕೋನಕ್ಕೆ ಹೋಗುತ್ತದೆ, ಯಾರೂ ಓದುವುದಿಲ್ಲ. ಉಳಿದ 90 ಮೀಟರಿಗೆ ಸಿಗುವುದು ಐದೂಕಾಲು ಸೆಕೆಂಡಿನ ಆಸುಪಾಸು. ಅದರಲ್ಲೂ ಓಡಿಸುವವರ ಕಣ್ಣು ರಸ್ತೆಯ ಮೇಲೇ ಇರಬೇಕಲ್ಲ, ಬೋರ್ಡಿಗೆ ಸಿಗುವುದು ಎರಡು ಚೂರು ನೋಟ. ವೇಗ 80 ಆದರೆ ಇಡೀ ಅವಕಾಶ ನಾಲ್ಕು ಸೆಕೆಂಡಿಗೆ ಇಳಿಯುತ್ತದೆ.

ಈಗ ಅಕ್ಷರದ ಎತ್ತರ. ಬೋರ್ಡು ಬರೆಯುವವರ ಹಳೆಯ ಲೆಕ್ಕ ಹೀಗಿದೆ: ಪ್ರತಿ 10 ಅಡಿ ದೂರಕ್ಕೆ ಒಂದು ಇಂಚು ಅಕ್ಷರ. 120 ಮೀಟರ್ ಅಂದರೆ 394 ಅಡಿ, ಹಾಗಾಗಿ ಅಕ್ಷರ 39 ಇಂಚು, ಅಂದರೆ ಮೂರೂಕಾಲು ಅಡಿ ಇರಬೇಕು. ಇಂಗ್ಲಿಷಿನಲ್ಲಿ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಕನ್ನಡದಲ್ಲಿ ಮೂರೂಕಾಲು ಅಡಿ ಬರೀ ಮೂಲಾಕ್ಷರಕ್ಕೆ. ಮೇಲೆ ಗುಡಿಸು, ಏತ್ವ ಏಳುತ್ತವೆ, ಕೆಳಗೆ ಒತ್ತಕ್ಷರ ಇಳಿಯುತ್ತದೆ. ಫಾಂಟಿನಿಂದ ಫಾಂಟಿಗೆ ವ್ಯತ್ಯಾಸ ಇದ್ದರೂ, ಮೂಲಾಕ್ಷರದ ಮುಕ್ಕಾಲರಷ್ಟು ಜಾಗ ಇವಕ್ಕೆ ಹೆಚ್ಚುವರಿಯಾಗಿ ಬಿಡಬೇಕು. ಹಾಗಾಗಿ ಒಂದು ಸಾಲಿಗೆ ಐದೂಮುಕ್ಕಾಲು ಅಡಿ ಎತ್ತರ ಹಿಡಿಯಿರಿ. ಎರಡು ಸಾಲಿಗೆ ಹನ್ನೊಂದೂವರೆ ಅಡಿ ಆಯಿತು, ಉಳಿದ ಎಂಟೂವರೆ ಅಡಿಯಲ್ಲಿ ಅಂಚು, ಹೆಸರು, ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಕೇಳುವ ರೇರಾ ಪಟ್ಟಿ ಎಲ್ಲ ಕೂರುತ್ತವೆ. ಮೂರನೇ ಸಾಲು ಹಾಕಿದರೆ ಹದಿನೇಳು ಅಡಿ ಅದಕ್ಕೇ ಹೋಯಿತು. ಆಗ ಡಿಸೈನರ್ ಏನು ಮಾಡುತ್ತಾರೆ? ಅಕ್ಷರ ಚಿಕ್ಕದು ಮಾಡುತ್ತಾರೆ. ಅಲ್ಲಿಗೆ ನಮ್ಮ 120 ಮೀಟರ್ ಕೈಬಿಟ್ಟ ಹಾಗೆ.

ಅಗಲದ ಕಡೆ ನೋಡಿ. ಕನ್ನಡ ಅಕ್ಷರ ದುಂಡಗಿದೆ, ಎತ್ತರದಷ್ಟೇ ಅಗಲ ಬೇಡುತ್ತದೆ. ಎರಡೂ ಬದಿಗೆ ಎರಡೆರಡು ಅಡಿ ಬಿಟ್ಟರೆ 36 ಅಡಿ ಉಳಿಯಿತು. ಮೂರೂಕಾಲು ಅಡಿಯ ಹತ್ತು ಅಕ್ಷರಕ್ಕೆ 32.5 ಅಡಿ, ಪದಗಳ ನಡುವಿನ ಮೂರು ಬಿಡುವಿಗೆ ಇನ್ನೊಂದು ಮೂರು ಅಡಿ. ತುಂಬಿತು. ಸಾಲಿಗೆ ಹತ್ತು, ಎರಡು ಸಾಲಿಗೆ ಇಪ್ಪತ್ತು.

ನಿಮ್ಮ ಸಾಲಿನಲ್ಲಿ 28 ಅಕ್ಷರ ಇವೆ. ‘ಪ್ರಕೃತಿಯ ಮಡಿಲಲ್ಲಿ ನಿಮ್ಮ ಕನಸಿನ’ ಅಂತ ಹದಿನಾಲ್ಕು, ‘ಐಷಾರಾಮಿ ಜೀವನಶೈಲಿಗೆ ಸುಸ್ವಾಗತ’ ಅಂತ ಹದಿನಾಲ್ಕು. ಇದನ್ನು ಎರಡೇ ಸಾಲಿನಲ್ಲಿ ಕೂರಿಸಬೇಕೆಂದರೆ ಅಕ್ಷರ 2.4 ಅಡಿಗೆ ಇಳಿಯಬೇಕು. ಆ ಅಕ್ಷರ ನಿರಾಯಾಸವಾಗಿ ಓದಿಸಿಕೊಳ್ಳುವುದು 88 ಮೀಟರಿನಿಂದ. ಕೊನೆಯ 30 ಕಳೆದರೆ ಸಿಗುವ ಸಮಯ ಮೂರೂವರೆ ಸೆಕೆಂಡು. ಓದಬೇಕಾದ್ದು ಹೆಚ್ಚಾಯಿತು, ಓದುವ ಸಮಯ ಕಡಿಮೆಯಾಯಿತು. ಹೊಡೆತ ಎರಡೂ ಕಡೆಯಿಂದ. ಸಾಲದ್ದಕ್ಕೆ ಪ್ರ, ಕೃ, ಲ್ಲಿ, ಮ್ಮ ನಾಲ್ಕೂ ಮೇಲಿನ ಸಾಲಿನಲ್ಲೇ ಕೆಳಗೆ ಜೋತುಬಿದ್ದಿವೆ. ಎರಡನೇ ಸಾಲಿನ ಮಿ, ಜೀ, ಶೈ, ಲಿ, ಗೆಗಳ ತಲೆ ಅವಕ್ಕೆ ತಾಗದಂತೆ ಸಾಲುಗಳನ್ನು ದೂರ ಸರಿಸಬೇಕಾಗುತ್ತದೆ.

ಅಳತೆ ಇಷ್ಟು. ಇನ್ನು ಮಾತು.

ನಿಮ್ಮ ಸಾಲಿನ ಕೆಳಗೆ ಬೇರೆ ಯಾರದಾದರೂ ಲೇಔಟಿನ ಹೆಸರು ಹಾಕಿ ನೋಡಿ. ಏನೂ ಕೆಡುವುದಿಲ್ಲ. ರೆಸಾರ್ಟಿನ ಹೆಸರು ಹಾಕಿದರೂ ಕೆಡುವುದಿಲ್ಲ. ಸೈಟು ಮಾರುವ ಬೋರ್ಡಿನಲ್ಲಿ ಸೈಟು ಅನ್ನುವ ಪದವೇ ಇಲ್ಲ! ಊರಿಲ್ಲ, ಬೆಲೆಯಿಲ್ಲ, ‘ಸುಸ್ವಾಗತ’ ಇದೆ. ಅದು ಗೇಟಿನ ಮೇಲೆ ಬರೆಯುವ ಪದ, ಹತ್ತು ಕಿಲೋಮೀಟರ್ ದೂರದ ಹೋರ್ಡಿಂಗಿನ ಮೇಲಲ್ಲ.

ಸಾಲು ಹುಡುಕಲು ಪದಕೋಶ ತೆಗೆಯಬೇಡಿ. ನಿಮ್ಮ ಆಫೀಸಿನಲ್ಲಿ ಫೋನ್ ಎತ್ತುವವರ ಪಕ್ಕ ಅರ್ಧ ದಿನ ಕೂತು, ಫೋನ್ ಮಾಡಿದವರು ಕೇಳುವ ಮೊದಲ ಮೂರು ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಸೈಟಿಗೆ ಫೋನ್ ಮಾಡುವವರು ಸಾಮಾನ್ಯವಾಗಿ ಕೇಳುವುದು ಇವನ್ನೇ: ‘ಎಲ್ಲಿ ಬರತ್ತೆ ಸಾರ್?’ ‘ಒಂದ್ ಸೈಟ್ ಎಷ್ಟಾಗತ್ತೆ?’ ‘ರಿಜಿಸ್ಟ್ರೇಷನ್ ಯಾವಾಗ ಮಾಡ್ಕೊಡ್ತೀರಾ?’ ಪಾರ್ಕು, ಕ್ಲಬ್‌ಹೌಸು, ಅಂಡರ್‌ಗ್ರೌಂಡ್ ಕೇಬಲ್ ಇವೆಲ್ಲ ಸೈಟು ನೋಡಲು ಬಂದ ಮೇಲಿನ ಪ್ರಶ್ನೆಗಳು. ಬೋರ್ಡಿನ ಕೆಲಸ ಮೊದಲ ಮೂರಕ್ಕೆ ಉತ್ತರ ಕೊಡುವುದು, ಅಷ್ಟೇ. ಉತ್ತರದಿಂದ ಕ್ರಿಯಾಪದ, ವಿಶೇಷಣ ತೆಗೆದರೆ ಉಳಿಯುವುದೇ ನಿಮ್ಮ ಸಾಲು.

ಒಂದೊಂದಾಗಿ ನೋಡೋಣ.

‘ಎಲ್ಲಿ’ ಅನ್ನುವುದಕ್ಕೆ ಜನ ಈಗಾಗಲೇ ಬಾಯಲ್ಲಿ ಆಡುವ ಒಂದೇ ಹೆಸರು ಬೇಕು. ನಿಮಗೆ ಮೂರು ಆಯ್ಕೆ ಇವೆ: ನಂಜನಗೂಡು ರಸ್ತೆ, ವಿಮಾನ ನಿಲ್ದಾಣ, ಕಡಕೊಳ. ‘ನಂಜನಗೂಡು ರಸ್ತೆ’ ತುಂಬಾ ಉದ್ದದ ಉತ್ತರ, ಅದು ಊರಂಚಿನಿಂದ ನಂಜನಗೂಡಿನವರೆಗೆ ಎಲ್ಲಿ ಬೇಕಾದರೂ ಆಗಬಹುದು. ಮಂಡಕಳ್ಳಿಯ ವಿಮಾನ ನಿಲ್ದಾಣ ಹೇಳಿದರೆ ದೊಡ್ಡದಾಗಿ ಕೇಳಿಸುತ್ತದೆ, ಆದರೆ ದೇವನಹಳ್ಳಿಯಲ್ಲಿ ಕೆಲಸ ಮಾಡಿದ ಉಪಾಯ ಇಲ್ಲಿ ಮಾಡುವುದಿಲ್ಲ. ಇದು ದಿನವಿಡೀ ವಿಮಾನ ಇಳಿಯುವ, ಸಾವಿರಾರು ಜನರಿಗೆ ಕೆಲಸ ಕೊಡುವ ನಿಲ್ದಾಣವಲ್ಲ. ಜೊತೆಗೆ ನಿಲ್ದಾಣದ ಪಕ್ಕ ಅಂದಕೂಡಲೇ ಬುದ್ಧಿವಂತ ಗಿರಾಕಿ ಕಟ್ಟಡದ ಎತ್ತರದ ನಿರ್ಬಂಧದ ಬಗ್ಗೆ ಕೇಳುತ್ತಾರೆ. ಕಡಕೊಳಕ್ಕೆ ಕೈಗಾರಿಕಾ ಪ್ರದೇಶ ಇದೆ, ರೈಲು ನಿಲ್ದಾಣ ಇದೆ, ಆ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಗೊತ್ತಿರುವ ಊರು. ಮೇಲಾಗಿ ನಾಲ್ಕೇ ಅಕ್ಷರ, ಒಂದೂ ಒತ್ತಿಲ್ಲ. ಬೋರ್ಡಿಗೆಂದೇ ಇಟ್ಟ ಹೆಸರಿನಂತಿದೆ.

‘5 ನಿಮಿಷದ ದಾರಿ’ ಅಂತ ಮಾತ್ರ ಬರೆಯಬೇಡಿ. ಬೆಳಗಿನ ಆರು ಗಂಟೆಯ ಐದು ನಿಮಿಷ ಸಂಜೆ ಆರಕ್ಕೆ ಹದಿನೈದಾಗುತ್ತದೆ, ಅಳೆದು ತೋರಿಸಲು ಆಗದ ಮಾತು ಅದು. ದೂರ ಹೇಳುವುದಿದ್ದರೆ ರಸ್ತೆಯ ಮೇಲೆ ಅಳೆದ ಕಿಲೋಮೀಟರ್ ಹೇಳಿ. ಅದನ್ನೂ ಲೇಔಟಿನ ಗೇಟಿನವರೆಗೆ ಅಳೆಯಿರಿ, ಮುಖ್ಯರಸ್ತೆಯ ತಿರುವಿನವರೆಗೆ ಅಲ್ಲ.

‘ಎಷ್ಟು’ ಅನ್ನುವುದಕ್ಕೆ ಚದರಡಿ ದರ ಬರೆಯುವುದು ನಮ್ಮ ಕಡೆಯ ರೂಢಿ. ಆದರೆ ‘ಚದರಡಿಗೆ 2,000’ ಅಂದಾಗ ಓದಿದವರು 1,200ರಿಂದ ಗುಣಿಸಬೇಕು, ಸ್ಟೇರಿಂಗ್ ಹಿಡಿದು ಯಾರು ಗುಣಿಸುತ್ತಾರೆ? 30×40ಕ್ಕೆ 24 ಲಕ್ಷ. ಅದನ್ನೇ ಬರೆಯಿರಿ. ಬೆಲೆ ಬರೆದರೆ ಫೋನ್ ಕಡಿಮೆಯಾಗುತ್ತವೆ ಅಂತ ಮಾಲೀಕರು ಹೆದರುತ್ತಾರೆ. ಕಡಿಮೆಯಾಗುವುದು ನಿಜ, ಆದರೆ ಕಡಿಮೆಯಾಗುವುದು ಹತ್ತು ಲಕ್ಷದವರ ಫೋನು.

ಇಲ್ಲೊಂದು ಎಚ್ಚರ. ಮೂಲೆ ಸೈಟಿಗೆ, ಪೂರ್ವ ದಿಕ್ಕಿನ ಸೈಟಿಗೆ ಹೆಚ್ಚು ಹಣ ತೆಗೆದುಕೊಳ್ಳುತ್ತೀರಾದರೆ ‘24 ಲಕ್ಷ’ ಅನ್ನುವುದು ಎಲ್ಲ ಸೈಟಿಗೂ ನಿಜವಲ್ಲ, ಆಗ ‘24 ಲಕ್ಷದಿಂದ’ ಅನ್ನಬೇಕು. ಎರಡು ಅಕ್ಷರ ಹೆಚ್ಚಾಗುತ್ತವೆ. ‘ದಿಂದ’ ಸೇರಿಸಿದ ಮೇಲೆ ಆ ಬೆಲೆಯ ಸೈಟು ನಿಜಕ್ಕೂ ಕೈಯಲ್ಲಿರಬೇಕು. ಒಂದೇ ಒಂದು ವಕ್ರ ಸೈಟನ್ನು ಆ ಬೆಲೆಗೆ ಇಟ್ಟು ಬೋರ್ಡು ಹಾಕಿದರೆ, ಬಂದವರು ಗೇಟಿನಲ್ಲೇ ವಾಪಸ್ಸು ತಿರುಗುತ್ತಾರೆ, ನಾಲ್ಕು ಜನಕ್ಕೆ ಹೇಳುತ್ತಾರೆ.

‘ಯಾವಾಗ’ ಅನ್ನುವ ಮೂರನೇ ಪ್ರಶ್ನೆಯಲ್ಲೇ ನಿಮ್ಮ ಸಾಲಿನ ಜೀವ ಇದೆ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಸೈಟು ಕೊಳ್ಳುವವರ ದೊಡ್ಡ ಹೆದರಿಕೆ ದುಡ್ಡು ಕೊಟ್ಟ ಮೇಲೆ ವರ್ಷಗಟ್ಟಲೆ ನೋಂದಣಿ ಆಗದೆ ಉಳಿಯುವುದು. ಅನೇಕರು ಇಲ್ಲಿ ‘ಬಾಡಿಗೆ ಸಾಕು, ಸ್ವಂತ ಮನೆ ಬೇಕು’ ಅನ್ನುವ ಧಾಟಿಗೆ ಜಾರುತ್ತಾರೆ. ಆ ಸಾಲು ಕಟ್ಟಿ ಮುಗಿದ ಫ್ಲ್ಯಾಟಿಗೆ ಸರಿ. ಸೈಟು ತಗೊಂಡವರು ಮನೆ ಕಟ್ಟುವವರೆಗೆ ಬಾಡಿಗೆ ಕಟ್ಟುತ್ತಲೇ ಇರಬೇಕು, ಮೇಲೆ ಸೈಟಿನ ಸಾಲದ ಕಂತು ಬೇರೆ. ಮಾರುವ ಸರಕಿಗೆ ಹೊಂದದ ಭಾವನೆಯನ್ನು ಬೋರ್ಡಿಗೆ ಅಂಟಿಸಿದರೆ ಗಿರಾಕಿಗೆ ಹೇಗೋ ಗೊತ್ತಾಗಿಬಿಡುತ್ತದೆ.

ನಿಮ್ಮ ಸೈಟುಗಳಿಗೆ ನೋಂದಣಿ ಈಗಲೇ ಸಾಧ್ಯವೇ ಅನ್ನುವುದನ್ನು ಕಾಗದದಲ್ಲಿ ನೋಡಿಕೊಳ್ಳಿ. ನಗರಾಭಿವೃದ್ಧಿ ಪ್ರಾಧಿಕಾರಗಳು ಎಲ್ಲ ಸೈಟುಗಳನ್ನೂ ಒಟ್ಟಿಗೆ ಬಿಡುವುದಿಲ್ಲ. ರಸ್ತೆ, ಚರಂಡಿ, ನೀರು, ವಿದ್ಯುತ್ತಿನ ಕೆಲಸ ಮುಗಿದ ಹಾಗೆ ಹಂತ ಹಂತವಾಗಿ ಬಿಡುಗಡೆ ಮಾಡುತ್ತವೆ. ಬಿಡುಗಡೆ ಪತ್ರದಲ್ಲಿ ನಂಬರು ಇರುವ ಸೈಟಿಗೆ ಮಾತ್ರ ‘ಇದೇ ತಿಂಗಳು’ ಅನ್ನಬಹುದು. ಆ ಪಟ್ಟಿಯಲ್ಲಿ ಮಾರಾಟವಾಗದೆ ಉಳಿದ 30×40 ಎಷ್ಟಿವೆ ಎಣಿಸಿ. ಕೈಬೆರಳಿನಲ್ಲಿ ಎಣಿಸುವಷ್ಟೇ ಇದ್ದರೆ ಈ ಮಾತು ಬೋರ್ಡಿಗೆ ಬೇಡ.

ಈಗ ಸಾಲು ಕಟ್ಟೋಣ. ಮೊದಲ ಕರಡು ಹೀಗೆ ಬರುತ್ತದೆ:

‘ಕಡಕೊಳದಲ್ಲಿ ಸೈಟು ಕೇವಲ 24 ಲಕ್ಷಕ್ಕೆ, ಇದೇ ತಿಂಗಳು ರಿಜಿಸ್ಟ್ರೇಷನ್’

ಎಂಟು ಪದ, 26 ಅಕ್ಷರ. ‘ಕೇವಲ’ ಮೊದಲು ಹೋಗಲಿ. 24 ಲಕ್ಷ ‘ಕೇವಲ’ವೇ ಅಲ್ಲವೇ ಅನ್ನುವುದನ್ನು ಕೊಡುವವರು ತೀರ್ಮಾನಿಸುತ್ತಾರೆ. ‘ಕಡಕೊಳದಲ್ಲಿ’ ಅನ್ನುವುದರಿಂದ ‘ದಲ್ಲಿ’ ಕಿತ್ತರೆ ಎರಡು ಅಕ್ಷರ, ಒಂದು ಒತ್ತು ಉಳಿಯಿತು, ಅರ್ಥ ಎಲ್ಲೂ ಹೋಗಲಿಲ್ಲ. ‘ಲಕ್ಷಕ್ಕೆ’ಯ ‘ಕ್ಕೆ’ಯೂ ಅಷ್ಟೇ. ಕೊನೆಗೆ ‘ರಿಜಿಸ್ಟ್ರೇಷನ್’. ಜನ ಬಾಯಲ್ಲಿ ಹೇಳುವುದು ಇದನ್ನೇ, ಆದ್ದರಿಂದ ಬಿಡಲು ಮನಸ್ಸಾಗುವುದಿಲ್ಲ. ಆದರೆ ಬೋರ್ಡಿನ ಮೇಲೆ ಆ ‘ಸ್ಟ್ರೇ’ ನೋಡಿ: ಒಂದು ಅಕ್ಷರಕ್ಕೆ ಎರಡು ಒತ್ತು, ಮೇಲೆ ಏತ್ವ, ಪಕ್ಕದಲ್ಲಿ ದೀರ್ಘ. ದೂರದಿಂದ ಅದೊಂದು ಕಪ್ಪು ಗಂಟು. ‘ನೋಂದಣಿ’ಯಲ್ಲಿ ಮೂರೇ ಅಕ್ಷರ, ಕೆಳಗೆ ಏನೂ ಇಳಿಯುವುದಿಲ್ಲ, ಅರ್ಥವಾಗದ ಪದವೂ ಅಲ್ಲ. ನೋಂದಣಿ ಇಲಾಖೆಯ ಫಲಕದಲ್ಲಿ ಎಲ್ಲರೂ ಓದಿರುವ ಪದ. ಕೊನೆಗೆ ಉಳಿದದ್ದು:

ಕಡಕೊಳ ಸೈಟು 24 ಲಕ್ಷ
ಇದೇ ತಿಂಗಳು ನೋಂದಣಿ

ಏಳು ಪದ. ಮೇಲೆ ಹತ್ತು ಅಕ್ಷರ, ಕೆಳಗೆ ಎಂಟು. ‘ತಿಂ’, ‘ನೋಂ’ಗಳ ಸೊನ್ನೆಗೆ ಅರ್ಧರ್ಧ ಅಕ್ಷರದ ಜಾಗ ಕೊಟ್ಟರೂ ಒಂಬತ್ತು ದಾಟುವುದಿಲ್ಲ. ಮೇಲಿನ ಸಾಲಿನಲ್ಲಿ ಕೆಳಗಿಳಿಯುವುದು ‘ಸೈ’ಯ ಐತ್ವ, ‘ಕ್ಷ’ದ ಒತ್ತು, ಎರಡೇ. ಕೆಳಗಿನ ಸಾಲಿನಲ್ಲಿ ಒಂದೂ ಇಲ್ಲ, ಹಾಗಾಗಿ ಅದರ ಕೆಳಗೆ ಬರುವ ಪಟ್ಟಿಯನ್ನು ಹತ್ತಿರಕ್ಕೆ ತರಬಹುದು. ಪೂರ್ಣವಿರಾಮ, ಆಶ್ಚರ್ಯಸೂಚಕ ಯಾವುದೂ ಬೇಡ, ಸಾಲು ಮುರಿದದ್ದೇ ವಿರಾಮ. 30×40 ಅನ್ನುವ ಅಳತೆ ಎರಡನೇ ಗಾತ್ರದ ಅಕ್ಷರದಲ್ಲಿ, ಲೇಔಟಿನ ಹೆಸರಿನ ಪಕ್ಕ ಬರಲಿ. ‘ನೋಂದಣಿ ಖರ್ಚು ಪ್ರತ್ಯೇಕ’ ಅನ್ನುವುದೂ ಅಲ್ಲೇ ಇರಲಿ, ಮುಚ್ಚಿಡಬೇಡಿ.

ಕವಿತೆಯಂತಿಲ್ಲ ಅಂತ ಮಾಲೀಕರು ಮುಖ ಸಿಂಡರಿಸಬಹುದು. ಪ್ರಾಸವಿರುವ ಸಾಲು ಬೇಕೇಬೇಕು ಅಂದರೆ ಬ್ರೋಷರಿನ ಮುಖಪುಟ ಇದೆ.

ಎರಡನೇ ಬೋರ್ಡಿಗೆ ಇದೇ ಸಾಲನ್ನು ಹಾಕುವುದು ತೀರಾ ಸಾಮಾನ್ಯ ತಪ್ಪು. ಅರ್ಧ ಕಿಲೋಮೀಟರ್ ಮೊದಲು ನಿಂತ ಬೋರ್ಡಿನ ಕೆಲಸ ಮಾರುವುದಲ್ಲ, ತಿರುಗಿಸುವುದು. ಗಂಟೆಗೆ 60ರಲ್ಲಿ ಅರ್ಧ ಕಿ.ಮೀ. ಅಂದರೆ 30 ಸೆಕೆಂಡು. ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಎಡಕ್ಕೆ ಬರಲು ಅಷ್ಟು ಸಾಕು, ಜಾಗ ಸರಿಯಾಗಿಯೇ ಹಿಡಿದಿದ್ದೀರಿ. ಅಲ್ಲಿ ಬೇಕಾದ್ದು ಕಣ್ಣಿಗೆ ಕಾಣುವ ಒಂದು ಗುರುತು, ಒಂದು ದಿಕ್ಕು, ಒಂದು ದೂರ. ತಿರುವಿನಲ್ಲಿ ಪೆಟ್ರೋಲ್ ಬಂಕ್ ಇದೆ ಅಂದುಕೊಂಡರೆ:

ಬಂಕ್ ದಾಟಿ ಎಡಕ್ಕೆ
ಸೈಟು 600 ಮೀಟರ್

ಆರು ಪದ. ‘ಪೆಟ್ರೋಲ್’ ಬೇಕಿಲ್ಲ, ಬಂಕ್ ಅಂದರೆ ನಮ್ಮಲ್ಲಿ ಅದೊಂದೇ. ಬಾಣದ ಗುರುತು ಎಷ್ಟು ದೊಡ್ಡದಿದ್ದರೂ ಅದನ್ನೇ ನಂಬಬೇಡಿ. ಅರ್ಧ ಕಿ.ಮೀ. ಮೊದಲು ಎಡಕ್ಕೆ ಬಾಣ ತೋರಿಸಿದರೆ ಕೆಲವರು ಮೊದಲು ಸಿಕ್ಕ ಹಳ್ಳಿಯ ದಾರಿಗೇ ನುಗ್ಗುತ್ತಾರೆ.

ಈ ಬೋರ್ಡು ಎರಡೂ ಮುಖದ್ದಾಗಿದ್ದರೆ ಹಿಂಬದಿಗೆ ಬೇರೆ ಸಾಲು ಬರೆಸಲೇಬೇಕು. ನಂಜನಗೂಡು, ತಾಂಡ್ಯದ ಕಾರ್ಖಾನೆಗಳಿಂದ ಸಂಜೆ ಮೈಸೂರಿಗೆ ವಾಪಸ್ಸಾಗುವವರು ನಿಮಗೆ ಒಳ್ಳೆಯ ಗಿರಾಕಿಗಳು, ಆದರೆ ಅವರಿಗೆ ನಿಮ್ಮ ಲೇಔಟು ಬಲಕ್ಕೆ. ಮೇಲಾಗಿ ಡಿವೈಡರ್ ಇರುವ ರಸ್ತೆ, ನೇರ ತಿರುಗಲಾಗುವುದಿಲ್ಲ. ಯು-ಟರ್ನ್ ಎಲ್ಲಿದೆ ಅನ್ನುವುದನ್ನು ಹೋಗಿ ನೋಡಿ ಬರೆಸಿ. ಒಂದೇ ಡಿಸೈನ್ ಎರಡೂ ಮುಖಕ್ಕೆ ಪ್ರಿಂಟ್ ಆಗಿ, ಅರ್ಧ ಜನರನ್ನು ಗದ್ದೆಯ ಕಡೆ ಕಳಿಸುವ ಬೋರ್ಡುಗಳು ಹೆದ್ದಾರಿಯಲ್ಲಿ ಬೇಕಾದಷ್ಟಿವೆ.

ಫೋನ್ ನಂಬರಿನ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಓಡುವ ಕಾರಿನಲ್ಲಿ ಹತ್ತಂಕಿ ಯಾರಿಗೂ ನಿಲ್ಲುವುದಿಲ್ಲ. ಮೊದಲ ಬೋರ್ಡಿನಲ್ಲಿ ಲೇಔಟಿನ ಹೆಸರು ದೊಡ್ಡದಾಗಿರಲಿ, ಮ್ಯಾಪಿನಲ್ಲಿ ಹುಡುಕಿದರೆ ಅದೇ ಕಾಗುಣಿತದಲ್ಲಿ ಸಿಗುವ ಹಾಗಿರಲಿ. ನಂಬರು ಎರಡನೇ ಬೋರ್ಡಿನಲ್ಲಿ, ಗೇಟಿನಲ್ಲಿ ಸಾಕು. ಸಿಗ್ನಲ್ಲಿನಲ್ಲಿ ನಿಂತು ಓದುವ ಬೋರ್ಡಾದರೆ ಈ ಲೆಕ್ಕವೇ ಬೇರೆ, ಅಲ್ಲಿ ನಂಬರು ಹಾಕಬಹುದು.

ಏಳು ಪದದ ಲೆಕ್ಕಕ್ಕೆ ಬರದ, ಆದರೆ ಬಿಡಲಾಗದ ಒಂದು ಪಟ್ಟಿ ಇದೆ. ರೇರಾ ಕಾಯ್ದೆಯ 11(2)ನೇ ಕಲಂ ಪ್ರಕಾರ ಜಾಹೀರಾತಿನಲ್ಲಿ ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಮತ್ತು ಯೋಜನೆಯ ನೋಂದಣಿ ಸಂಖ್ಯೆ ಎದ್ದು ಕಾಣುವಂತೆ ಇರಬೇಕು. ನಮ್ಮ ರಾಜ್ಯಕ್ಕೆ ಆ ವಿಳಾಸ rera.karnataka.gov.in, ಸಂಖ್ಯೆ PRM/KA/RERA/ ಎಂದು ಶುರುವಾಗಿ ಉದ್ದಕ್ಕೆ ಹೋಗುತ್ತದೆ. ಡಿಸೈನರುಗಳು ಇದನ್ನು ಬೋರ್ಡಿನ ತಳದಂಚಿಗೆ, ಕಡು ಹಸಿರಿನ ಮೇಲೆ ತಿಳಿ ಹಸಿರಿನಲ್ಲಿ ತುರುಕುತ್ತಾರೆ. ಅಲ್ಲಿ ಚೌಕಟ್ಟಿಗೆ ಬಿಗಿಯುವಾಗ ಒಂದು ಗೇಣು ಮಡಚಿಹೋಗುತ್ತದೆ, ಸಂಖ್ಯೆಯೂ ಅದರ ಜೊತೆ ಹೋಗುತ್ತದೆ. ತಳದಿಂದ ಒಂದೂವರೆ ಅಡಿ ಬಿಟ್ಟು, ಬಿಳಿ ಪಟ್ಟಿಯ ಮೇಲೆ ಕಪ್ಪು ಅಕ್ಷರದಲ್ಲಿ ಹಾಕಿಸಿ. ಏಜೆಂಟರ ನೋಂದಣಿ ಸಂಖ್ಯೆ ಇದರ ಬದಲಿಗೆ ನಡೆಯುವುದಿಲ್ಲ.

ಜಾಗ 500 ಚದರ ಮೀಟರ್ ದಾಟಿದ ಲೇಔಟಿಗೆ ಈ ಸಂಖ್ಯೆ ಬರುವ ಮೊದಲು ಜಾಹೀರಾತೇ ಕೂಡದು. ‘ಶೀಘ್ರದಲ್ಲೇ ಬರಲಿದೆ’ ಅನ್ನುವ ಬೋರ್ಡು ಕೂಡ ಜಾಹೀರಾತೇ. ರೇರಾ ನೋಂದಣಿಯಿಲ್ಲದೆ ಮುಂದುವರಿದರೆ ಯೋಜನೆಯ ಅಂದಾಜು ವೆಚ್ಚದ ಶೇ. 10ರವರೆಗೆ ದಂಡ ಬೀಳಬಹುದು. 12ನೇ ಕಲಂ ಇನ್ನೂ ಹತ್ತಿರದ್ದು: ಜಾಹೀರಾತಿನ ಸುಳ್ಳು ಮಾತನ್ನು ನಂಬಿ ಹಣ ಕೊಟ್ಟು ನಷ್ಟವಾದವರಿಗೆ ಪ್ರವರ್ತಕರು ಪರಿಹಾರ ಕೊಡಬೇಕು. ಅವರು ಯೋಜನೆಯಿಂದ ಹೊರಬರಲು ಬಯಸಿದರೆ ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ಬೋರ್ಡಿನ ಫೋಟೋ ಎಲ್ಲರ ಫೋನಿನಲ್ಲೂ ಇರುತ್ತದೆ. ‘ಇದೇ ತಿಂಗಳು ನೋಂದಣಿ’ ಅನ್ನುವ ಮೂರು ಪದಕ್ಕೆ ಬಿಡುಗಡೆ ಪತ್ರ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ.

ಇನ್ನೊಂದು, ‘ರೇರಾ ಅನುಮೋದಿತ’ ಅನ್ನುವುದನ್ನು ಸಾಲಿನೊಳಗೆ ತರಬೇಡಿ. ರೇರಾ ಯೋಜನೆಯನ್ನು ನೋಂದಾಯಿಸುತ್ತದೆ, ಚೆನ್ನಾಗಿದೆ ಅಂತ ಸರ್ಟಿಫಿಕೇಟ್ ಕೊಡುವುದಿಲ್ಲ. ನಕ್ಷೆಗೆ ಅನುಮೋದನೆ ಕೊಡುವುದು ಯೋಜನಾ ಪ್ರಾಧಿಕಾರ.

ಪ್ರಿಂಟಿಗೆ ಕಳಿಸುವ ಮೊದಲು ಒಂದು ಪರೀಕ್ಷೆ, ಖರ್ಚು ಒಂದು ಹಾಳೆ. ಡಿಸೈನನ್ನು ಎ4 ಹಾಳೆಯ ಪೂರ್ತಿ ಅಗಲಕ್ಕೆ ಪ್ರಿಂಟ್ ತೆಗೆಯಿರಿ. 40 ಅಡಿ 29.7 ಸೆಂ.ಮೀ.ಗೆ ಇಳಿದರೆ 41 ಪಟ್ಟು ಚಿಕ್ಕದಾದ ಹಾಗೆ, ಆಗ 120 ಮೀಟರ್ ಅನ್ನುವುದು ಮೂರು ಮೀಟರಿಗೆ ಬರುತ್ತದೆ. ಹಾಳೆಯನ್ನು ಕಣ್ಣಿಗಿಂತ ಸ್ವಲ್ಪ ಮೇಲೆ ಗೋಡೆಗೆ ಅಂಟಿಸಿ, ಮೇಲೊಂದು ಪೇಪರ್ ಮುಚ್ಚಿ, ಮೂರು ಮೀಟರ್ ದೂರದಲ್ಲಿ ಒಬ್ಬರನ್ನು ನಿಲ್ಲಿಸಿ. ಮುಚ್ಚಿದ್ದನ್ನು ಎರಡು ಸೆಕೆಂಡು ತೆಗೆದು ಮತ್ತೆ ಮುಚ್ಚಿ. ‘ಏನು ಮಾರ್ತಿದಾರೆ, ಎಲ್ಲಿ, ಎಷ್ಟು?’ ಅಂತ ಕೇಳಿ. ಆಫೀಸಿನವರ ಮೇಲೆ ಮಾಡಬೇಡಿ, ಅವರಿಗೆ ಉತ್ತರ ಮೊದಲೇ ಗೊತ್ತು. ಎದುರಿನ ಅಂಗಡಿಯವರು, ಕೊರಿಯರ್ ಹುಡುಗ, ಹೀಗೆ ಐದು ಜನ ಸಾಕು. ಇಬ್ಬರು ಊರಿನ ಹೆಸರು ತಪ್ಪಿದರೆ ಫಾಂಟು ಬದಲಿಸಿ. ಸಣ್ಣ ಗೀಟಿನ ಅಲಂಕಾರದ ಫಾಂಟಿನಲ್ಲಿ ‘ಡ’ ಮತ್ತು ‘ಢ’, ‘ಪ’ ಮತ್ತು ‘ಷ’ ದೂರದಿಂದ ಒಂದೇ ಆಗುತ್ತವೆ. ಒಂದೇ ದಪ್ಪದ ಗೀಟಿನ ಸರಳ ಫಾಂಟು ಹಿಡಿಯಿರಿ. ಐವರಿಗೂ ಬೆಲೆ ನೆನಪಿದ್ದು ಊರು ಮರೆತರೆ ಮಾತ್ರ ಅಂಕಿಯನ್ನು ತುಸು ಚಿಕ್ಕದು ಮಾಡಿ.

ಪ್ರಿಂಟಿಂಗ್‌ನವರಿಂದ ಬರುವ ಪ್ರೂಫನ್ನು ಕನ್ನಡ ಓದಲು ಬರುವವರೇ ನೋಡಬೇಕು. ಫೈಲು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಹೋದಾಗ ಯುನಿಕೋಡ್ ಕನ್ನಡ ಒಡೆಯುತ್ತದೆ: ‘ಲಕ್ಷ’ದ ಒತ್ತು ಕೆಳಗಿಳಿಯದೆ ‘ಲಕ್‌ಷ’ ಆಗಿ ನಿಲ್ಲುತ್ತದೆ, ‘ಸೈ’ಯ ಐತ್ವ ಪಕ್ಕದ ‘ಟು’ವಿಗೆ ಹೋಗಿ ಅಂಟುತ್ತದೆ. ನಿಮ್ಮ ಸಾಲಿನಲ್ಲಿ ಹೆಚ್ಚಾಗಿ ಒಡೆಯಬಹುದಾದ ಜಾಗ ಇವೆರಡು, ಅಲ್ಲೇ ಮೊದಲು ಕಣ್ಣು ಹಾಯಿಸಿ. ಅಕ್ಷರವನ್ನು ಆಕೃತಿಯಾಗಿ ಪರಿವರ್ತಿಸಿದ ಫೈಲನ್ನೇ ಕಳಿಸಿದರೆ ಈ ತೊಂದರೆ ಬರುವುದಿಲ್ಲ, ಆದರೆ ಆಮೇಲೆ ಬೆಲೆ ತಿದ್ದಲು ಮೂಲ ಫೈಲು ಬೇಕಾಗುತ್ತದೆ. ಎರಡನ್ನೂ ಇಟ್ಟುಕೊಳ್ಳಿ.

ಬೆಲೆ ತಿದ್ದುವ ದಿನ ಬಂದೇ ಬರುತ್ತದೆ. ಬಿಡುಗಡೆಯಾದ 30×40 ಸೈಟುಗಳ ಪಟ್ಟಿಯನ್ನು ಸೇಲ್ಸ್ ನೋಡಿಕೊಳ್ಳುವವರ ಮೇಜಿನ ಮೇಲೆ ಅಂಟಿಸಿ. ಅದರಲ್ಲಿ ಐದು ಉಳಿದಾಗ ಹೊಸ ಸಾಲಿನ ಪ್ರಿಂಟಿಗೆ ಹೇಳಿ, ಕೊನೆಯದಕ್ಕೆ ಅಡ್ವಾನ್ಸ್ ಬಂದ ದಿನ ‘24 ಲಕ್ಷ’ ಇರುವ ಬೋರ್ಡು ಕೆಳಗಿಳಿಯಲಿ.